ಅಪ್‌ಡೇಟ್: ಗೆಳೆಯನ ಮೊದಲ ಕಾರಿಗೆ ಕೊಟ್ಟಿದ್ದು ಗಾಳಿ ಪಂಪ್

ಕೇಳಿದ್ದು: "ಗೆಳೆಯ ಮೊದಲ ಕಾರು ತಗೊಂಡಿದ್ದಾನೆ. ಶೋಕಿಗಲ್ಲದೆ ಸುರಕ್ಷತೆಗೆ ಆಗುವಂಥದ್ದು ಏನು ಕೊಡಲಿ?"

ಟೈರಿಗೆ ಗಾಳಿ ತುಂಬುವ 12 ವೋಲ್ಟ್ ಪಂಪ್ ಕೊಡಿ ಅಂದವರ ಮಾತೇ ಗೆದ್ದಿತು. ಫಸ್ಟ್ ಏಡ್ ಬಾಕ್ಸ್, ಎಚ್ಚರಿಕೆ ತ್ರಿಕೋನ ಕಾರಿನ ಜೊತೆಗೇ ಬಂದಿದ್ದವು. ಡ್ಯಾಶ್‌ಬೋರ್ಡ್ ಮೇಲಿಡುವ ಸೆಂಟ್ ಬಾಟಲಿ ಕೈಬಿಟ್ಟೆ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದೇ ಮುಖಕ್ಕೆ ಹಾರಬಹುದು.

ನನಗೆ ಗೊತ್ತಿಲ್ಲದಿದ್ದ ಸಂಗತಿ: ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಒತ್ತಡ. ತುಂಬಬೇಕಾದ ಅಂಕಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರಿನಲ್ಲಿದೆ. ಇವನದಕ್ಕೆ 33 ಪಿಎಸ್‌ಐ. ಗಾಡಿ ತೆಗೆಯುವ ಮೊದಲೇ ಅಳೆಯಬೇಕು. ಓಡಿ ಬಿಸಿಯಾದ ಟೈರ್ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತೆ, ಹೆಚ್ಚಾಯ್ತೆಂದು ಗಾಳಿ ಬಿಟ್ಟರೆ ತಣಿದ ಮೇಲೆ ಕಡಿಮೆ ಬೀಳುತ್ತೆ.

ಬಯಲಲ್ಲಿ ಎಂಜಿನ್ ಚಾಲೂ ಇಟ್ಟು ತುಂಬಿದೆವು. ನಾಲ್ಕೂ ಟೈರ್ 30ರ ಆಸುಪಾಸು ಇದ್ದವು. ಯಾರೂ ನೋಡದ ಸ್ಟೆಪ್ನಿ ಮಾತ್ರ 18!