ಪಿಡಿಎಫ್‌ನಲ್ಲಿ ಒಂದು ವಾಕ್ಯ ಸೇರಿಸಿದರೆ ಕೆಳಗಿನ ಸಾಲು ಯಾಕೆ ಸರಿಯುವುದಿಲ್ಲ?

ಪ್ರಶ್ನೆ: ಹೋಂಸ್ಟೇ, ಮಡಿಕೇರಿ ಹತ್ತಿರ
ಅತಿಥಿಗಳಿಗೆ ಕಳಿಸುವ ನಿಯಮಗಳ ಹಾಳೆ ಪಿಡಿಎಫ್‌ನಲ್ಲಿದೆ. ಮಳೆಗಾಲದ ಪ್ಯಾರಾದ ನಡುವೆ "ಜಿಗಣೆ ಜಾಸ್ತಿ, ಉದ್ದ ಸಾಕ್ಸ್ ತನ್ನಿ" ಎಂದು ಸೇರಿಸಬೇಕು. ಎಡಿಟರ್‌ನಲ್ಲಿ ಟೈಪ್ ಮಾಡಿದರೆ ಸಾಲು ಹಾಳೆಯ ಅಂಚು ದಾಟುತ್ತದೆ, ಕೆಳಗಿನ ಸಾಲು ಅಲ್ಲಾಡುವುದೇ ಇಲ್ಲ. "ಣೆ" ಜಾಗದಲ್ಲಿ ಬರೀ ಚೌಕ. ಯಾರಿಗಾದರೂ ಹೀಗಾಗಿದೆಯಾ? ಏನು ಮಾಡಿದಿರಿ?

ಕುಶಾಲನಗರದಿಂದ
ವರ್ಡ್‌ಗೆ ಕನ್ವರ್ಟ್ ಮಾಡಿಬಿಡಿ ಅಕ್ಕ. ಪ್ಯಾರಾಗಳೆಲ್ಲ ಒಳಗೇ ಇರುತ್ತವೆ, ಎಡಿಟರ್‌ಗೆ ಕಾಣಿಸುವುದಿಲ್ಲ ಅಷ್ಟೇ. ನಮ್ಮ ಇಂಗ್ಲಿಷ್ ದರಪಟ್ಟಿ ಹಾಗೆ ಮಾಡಿದಾಗ ಅಚ್ಚುಕಟ್ಟಾಗಿ ಬಂತು.

ನಾಪೋಕ್ಲಿನಿಂದ
ನನ್ನದೂ ಇದೇ ಕಷ್ಟ. ಅಜ್ಜನ ಕಾಲದ ಜಮ್ಮಾ ಜಮೀನಿನ ಕಾಗದಗಳನ್ನು ಪಿಡಿಎಫ್ ಮಾಡಿಸಿದ್ದೇವೆ. ಒಂದು ಅಕ್ಷರವನ್ನೂ ಸೆಲೆಕ್ಟ್ ಮಾಡಲು ಆಗುತ್ತಿಲ್ಲ.

ವಿರಾಜಪೇಟೆಯಿಂದ, ಡಿಟಿಪಿ ಕೆಲಸ
ನಾಪೋಕ್ಲಿನವರೇ, ನಿಮ್ಮದು ಬೇರೆ ವಿಷಯ. ಅದು ಸ್ಕ್ಯಾನ್, ಅಂದರೆ ಫೋಟೋ. ಅದರಲ್ಲಿ ಅಕ್ಷರಗಳೇ ಇಲ್ಲ. ಒಸಿಆರ್, ಅಂದರೆ ಫೋಟೋ ನೋಡಿ ಅಕ್ಷರ ಗುರುತಿಸುವ ಕೆಲಸ ಮಾಡಿಸಬೇಕು, ಹಳೆಯ ಕೈಬರಹವಾದರೆ ಅದೂ ಕಷ್ಟ.

ಹೋಂಸ್ಟೇ ಹಾಳೆಯ ವಿಷಯಕ್ಕೆ ಬರುತ್ತೇನೆ. ಅದರೊಳಗೆ ಪ್ಯಾರಾ ಇಲ್ಲ. ಸಾಲು ಎಲ್ಲಿ ಮುರಿಯಬೇಕು ಅಂತ ಲೆಕ್ಕ ಹಾಕಿದ್ದು ನೀವು ಬರೆದಾಗ ಬಳಸಿದ ಸಾಫ್ಟ್‌ವೇರ್. ಪಿಡಿಎಫ್‌ಗೆ ಹೋದದ್ದು ಆ ಲೆಕ್ಕದ ಉತ್ತರ ಮಾತ್ರ. ಬಿಚ್ಚಿ ನೋಡಿದರೆ ಹೆಚ್ಚುಕಡಿಮೆ ಹೀಗಿರುತ್ತದೆ:

```
BT
/F1 11 Tf
1 0 0 1 72 640 Tm
<0012004A0031> Tj
1 0 0 1 72 625 Tm
<0027003B> Tj
ET
```

ಎಡದಿಂದ 72, ಕೆಳಗಿನಿಂದ 640 ಪಾಯಿಂಟ್ ದೂರಕ್ಕೆ ಹೋಗಿ ಈ ಆಕಾರಗಳನ್ನು ಇಡು. ಆಮೇಲೆ 625ಕ್ಕೆ ಹೋಗಿ ಇನ್ನಷ್ಟು ಇಡು. ಇಷ್ಟೇ. ಎರಡನೆಯ ಸಾಲು ಮೊದಲನೆಯದರ ಮುಂದುವರಿಕೆ ಅಂತ ಎಲ್ಲೂ ಬರೆದಿಲ್ಲ. ಎ4 ಹಾಳೆಯ ಅಗಲ ಸುಮಾರು 595 ಪಾಯಿಂಟ್. ನೀವು ಸೇರಿಸಿದ ಮಾತು ಅದನ್ನು ದಾಟಿದರೂ ತಡೆಯುವವರಿಲ್ಲ, ಯಾಕೆಂದರೆ ಸಾಲು ಬಲಗಡೆ ಎಲ್ಲಿಗೆ ನಿಲ್ಲಬೇಕು ಎಂಬುದೂ ಅಲ್ಲಿ ದಾಖಲಾಗಿಲ್ಲ. ಒಂದೊಂದು ಸಲ ಒಂದೇ ಸಾಲೂ ಹಲವು ತುಂಡಾಗಿರುತ್ತದೆ. ಪದಗಳ ನಡುವೆ ಸ್ಪೇಸ್ ಇರದೆ ಸುಮ್ನೆ ದೂರ ಬಿಟ್ಟಿರುತ್ತಾರೆ. 1993ರಲ್ಲಿ ಅಡೋಬಿ ಇದನ್ನು ತಂದದ್ದೇ ಯಾವ ಕಂಪ್ಯೂಟರ್, ಯಾವ ಪ್ರಿಂಟರ್ ಆದರೂ ಪುಟ ಒಂದೇ ತರಹ ಕಾಣಲಿ ಎಂದು. ತಿದ್ದಲಿಕ್ಕೆ ಅಲ್ಲ.

ಚೌಕಕ್ಕೆ ಕಾರಣ ಫಾಂಟ್. ಹಾಳೆಯಲ್ಲಿ ಬಳಸಿದ ಆಕಾರಗಳನ್ನಷ್ಟೇ ಒಳಗೆ ಸೇರಿಸುವುದು ರೂಢಿ. ನಿಮ್ಮ ಹಾಳೆಯಲ್ಲಿ "ಣೆ" ಬೇರೆಲ್ಲೂ ಬಂದಿರಲಿಕ್ಕಿಲ್ಲ, ಹಾಗಾಗಿ ಆ ಆಕಾರವೇ ಒಳಗಿಲ್ಲ. ಟರ್ಮಿನಲ್‌ನಲ್ಲಿ `pdffonts niyama.pdf` ಎಂದು ಕೊಟ್ಟು ನೋಡಿ. ಫಾಂಟ್ ಹೆಸರಿನ ಶುರುವಿನಲ್ಲಿ ಆರು ದೊಡ್ಡಕ್ಷರ ಮತ್ತು `+` ಇದ್ದು, `sub` ಕೆಳಗೆ `yes` ಬಂದರೆ ಇದೇ ಸಂಗತಿ.

ಕುಶಾಲನಗರದಿಂದ
ಹಾಗಾದರೆ ನಮ್ಮ ದರಪಟ್ಟಿ ಸರಿಯಾಗಿ ಬಂದದ್ದು ಹೇಗೆ?

ವಿರಾಜಪೇಟೆಯಿಂದ, ಡಿಟಿಪಿ ಕೆಲಸ
ಕನ್ವರ್ಟರ್ ಊಹಿಸಿತು, ಊಹೆ ಸರಿಯಾಯಿತು. ಎಡ ಅಂಚು ಒಂದೇ, ಸಾಲುಗಳ ಅಂತರ ಒಂದೇ ಅಂದರೆ ಒಂದೇ ಪ್ಯಾರಾ ಇರಬೇಕು ಅಂತ ಅದು ತಿಳಿಯುತ್ತದೆ. ಎರಡು ಕಾಲಂ ಇದ್ದರೆ ಎಡವುತ್ತದೆ. ಕನ್ನಡದಲ್ಲಿ ಇನ್ನೊಂದು ತೊಂದರೆ ಇದೆ. "ರಾತ್ರಿ" ಬರೆಯುವಾಗ ಮೊದಲು "ತಿ" ಆಕಾರ, ಆಮೇಲೆ ರ ಒತ್ತು ಕೂರುತ್ತದೆ. ವಾಪಸ್ ತೆಗೆದಾಗ ಅದೇ ಕ್ರಮದಲ್ಲಿ "ರಾತಿ್ರ" ಎಂದು ಬರಬಹುದು. ನಿಮ್ಮ ಹಾಳೆಯಿಂದ ಒಂದು ಒತ್ತಕ್ಷರದ ಪದ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಕೆಟ್ಟು ಬಂದರೆ ಕನ್ವರ್ಟ್ ಮಾಡುವ ಬದಲು ಹೊಸದಾಗಿ ಟೈಪ್ ಮಾಡುವುದೇ ಬೇಗ.

ಗೋಣಿಕೊಪ್ಪದಿಂದ
ಟ್ಯಾಗ್ ಇರುವ ಪಿಡಿಎಫ್‌ನಲ್ಲಿ ಪ್ಯಾರಾ ಗುರುತು ಇರುತ್ತದೆ ಅಲ್ವಾ? ಆಗ ಸಾಲು ತಾನೇ ಸರಿಯಬೇಕಲ್ಲ.

ವಿರಾಜಪೇಟೆಯಿಂದ, ಡಿಟಿಪಿ ಕೆಲಸ
ಗುರುತು ಇರುತ್ತದೆ. ಓದಿ ಹೇಳುವ ಸಾಫ್ಟ್‌ವೇರ್‌ಗೆ ಅದು ಬಹಳ ಉಪಯೋಗ. ಆದರೆ ತುಂಡುಗಳ ಜಾಗ ಮಾತ್ರ 640, 625 ಅಂತ ಹಾಗೇ ಉಳಿಯುತ್ತದೆ. ಎಡಿಟರ್ ಆ ಗುರುತು ನೋಡಿ ಮತ್ತೆ ಸಾಲು ಕಟ್ಟಿದರೆ ಮಾತ್ರ ಸರಿಯುತ್ತದೆ.

ಗೋಣಿಕೊಪ್ಪದಿಂದ
ನನ್ನ ಹತ್ತಿರ ಇರುವ ಎಡಿಟರ್‌ನಲ್ಲಿ ಇಂಗ್ಲಿಷ್ ಪ್ಯಾರಾ ಸರಿದಿದೆ. ಕನ್ನಡದಲ್ಲಿ ನೋಡಿ ಹೇಳುತ್ತೇನೆ.

ಹೋಂಸ್ಟೇ, ಮಡಿಕೇರಿ ಹತ್ತಿರ
ಕಾಪಿ ಮಾಡಿ ನೋಡಿದೆ, "ರಾತಿ್ರ" ಎಂದೇ ಬಂತು. ಮೂಲ ಫೈಲ್ ಮಾಡಿಕೊಟ್ಟ ಅಂಗಡಿಯವರ ಹತ್ತಿರವೂ ಇಲ್ಲ. ಈ ವಾರವೇ ಹಾಳೆ ಕಳಿಸಬೇಕು.

ವಿರಾಜಪೇಟೆಯಿಂದ, ಡಿಟಿಪಿ ಕೆಲಸ
ಸದ್ಯಕ್ಕೆ ಲಿಬ್ರೆಆಫೀಸ್ ಡ್ರಾದಲ್ಲಿ ತೆರೆಯಿರಿ. ಒಂದೊಂದು ಸಾಲೂ ಸಾಮಾನ್ಯವಾಗಿ ಬೇರೆ ಬೇರೆ ಡಬ್ಬಿಯಾಗಿ ಬರುತ್ತದೆ. ಮಳೆಗಾಲದ ಪ್ಯಾರಾದ ಕೆಳಗಿರುವುದನ್ನೆಲ್ಲ ಒಟ್ಟಿಗೆ ಹಿಡಿದು ಒಂದು ಸಾಲಿನಷ್ಟು ಇಳಿಸಿ. ಆ ಪ್ಯಾರಾದ ಸಾಲುಗಳನ್ನು ಅಳಿಸಿ, ಕಂಪ್ಯೂಟರ್‌ನಲ್ಲಿರುವ ಪೂರ್ತಿ ಕನ್ನಡ ಫಾಂಟ್‌ನಲ್ಲಿ ಇಡೀ ಪ್ಯಾರಾವನ್ನು ಒಂದೇ ಡಬ್ಬಿಯಲ್ಲಿ ಬರೆಯಿರಿ. ಪುಟದ ಅಡಿಯಲ್ಲಿ ಜಾಗ ಇದ್ದರೆ ಇಷ್ಟು ಸಾಕು.

ಬಿಡುವಾದಾಗ ಲಿಬ್ರೆಆಫೀಸ್ ರೈಟರ್‌ನಲ್ಲಿ ಹಾಳೆ ಪೂರ್ತಿ ಟೈಪ್ ಮಾಡಿ. ಪಿಡಿಎಫ್ ಮಾಡುವಾಗ `Hybrid PDF (embed ODF file)` ಟಿಕ್ ಮಾಡಿ. ಮೂಲ ಫೈಲ್ ಪಿಡಿಎಫ್‌ನೊಳಗೇ ಹೋಗುತ್ತದೆ. ಮುಂದೆ ದರ ಬದಲಾದಾಗ ಲಿಬ್ರೆಆಫೀಸ್‌ನಲ್ಲೇ ತೆರೆದರೆ ಪ್ಯಾರಾ ಸಮೇತ ಸಿಗುತ್ತದೆ.