‘04/05 7:30’, ಅದರ ಕೆಳಗೆ ‘60’: ಇಷ್ಟೇ ಇರುವ ಸಂದೇಶಕ್ಕೆ ಏನೆಂದು ಕೇಳಬೇಕು?

ವೀಣೆಮನೆ (ಮಾರ್ಚ್ 28, 2026)

ನಮಸ್ಕಾರ. ನಾನು ಮೈಸೂರಿನಲ್ಲಿದ್ದು ಆನ್‌ಲೈನ್ ಮೂಲಕ ವೀಣೆ ಪಾಠ ಹೇಳುತ್ತೇನೆ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಕನ್ನಡದ ಕುಟುಂಬವೊಂದು ಎಂಟು ವರ್ಷದ ಮಗಳಿಗೆ ಪಾಠ ಬೇಕೆಂದು ಕೇಳಿತ್ತು. ಮೊದಲ ಪಾಠ ಯಾವಾಗ ಇಟ್ಟುಕೊಳ್ಳೋಣ ಎಂದು ನಾನು ಬರೆದದ್ದಕ್ಕೆ ನಿನ್ನೆ ಮಗುವಿನ ತಂದೆಯಿಂದ ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಬಂದಿವೆ. ಮೊದಲನೆಯದು `04/05 7:30`, ಎರಡನೆಯದು ಬರೀ `60`. ಹಿಂದೆ ಮುಂದೆ ಒಂದು ಪದವೂ ಇಲ್ಲ. ಇದು ಏಪ್ರಿಲ್ 5 ಆಗಿದ್ದರೆ ಉಳಿದಿರುವುದು ಎಂಟೇ ದಿನ, ಮೇ 4 ಆಗಿದ್ದರೆ ತಿಂಗಳಿಗೂ ಹೆಚ್ಚು ಕಾಲವಿದೆ. ಅವರ ಉತ್ತರ ನನಗೆ ತಲುಪಲು ಪ್ರತಿ ಸಲವೂ ಒಂದು ದಿನ ಹಿಡಿಯುತ್ತಿರುವುದರಿಂದ, ಮತ್ತೆ ಮತ್ತೆ ಕೇಳಿ ಬೇಸರ ಮಾಡದೆ ಒಂದೇ ಸಲಕ್ಕೆ ತಿಳಿದುಕೊಳ್ಳುವುದು ಹೇಗೆ?

ನೇರಮಾತು

ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುವುದು ರೂಢಿ. ಆದ್ದರಿಂದ ಅದು ಏಪ್ರಿಲ್ 5, ಅವರ ಊರಿನ ವೇಳೆ 7.30 ಎಂದೇ ಅರ್ಥ. ಇದರಲ್ಲಿ ಕೇಳುವಂಥದ್ದೇನೂ ಕಾಣಿಸುತ್ತಿಲ್ಲ. ‘60’ ಎಂದರೆ ಅರವತ್ತು ನಿಮಿಷದ ಪಾಠ.

ಗಡಿಯಾರದಂಗಡಿ

ನೇರಮಾತು ಅವರು ಹೇಳಿದ ರೂಢಿ ಸರಿ. ಆದರೆ ಸಂದೇಶ ಕಳುಹಿಸಿದವರು ನಮ್ಮ ಕಡೆಯವರು, ಕಳುಹಿಸಿದ್ದು ಮೈಸೂರಿಗೆ. ಅಲ್ಲಿ ನೆಲೆಸಿದ ಎಷ್ಟೋ ಜನ ಆಫೀಸಿನಲ್ಲಿ ತಿಂಗಳನ್ನು ಮೊದಲು ಬರೆದರೂ ಊರಿನವರಿಗೆ ಬರೆಯುವಾಗ ದಿನವನ್ನೇ ಮೊದಲು ಬರೆಯುತ್ತಾರೆ. ವೇಳೆಯ ವಿಷಯವೂ ಹಾಗೆಯೇ. ನಿಮಗೆ ತೊಂದರೆಯಾಗಬಾರದೆಂದು ಅವರೇ ಲೆಕ್ಕ ಹಾಕಿ ಭಾರತದ ವೇಳೆಯನ್ನು ಬರೆದಿರಬಹುದು. ಬರೆದವರ ವಿಳಾಸ ನೋಡಿ ತೀರ್ಮಾನಿಸಿದರೆ ಈ ಸಾಧ್ಯತೆ ತಪ್ಪಿಹೋಗುತ್ತದೆ.

ಮೇಡಂ, ಕೇಳುವ ಮೊದಲು ನೀವೇ ಸ್ವಲ್ಪ ಸೋಸಿಕೊಳ್ಳಬಹುದು. ಈ ವರ್ಷ ಏಪ್ರಿಲ್ 5 ಭಾನುವಾರ, ಮೇ 4 ಸೋಮವಾರ. ಶಾಲೆಗೆ ಹೋಗುವ ಮಗುವಿನ ಮೊದಲ ಪಾಠಕ್ಕೆ ಭಾನುವಾರವೇ ಹೆಚ್ಚು ಸಂಭವ, ಆದರೂ ಅದು ಊಹೆಯೇ. ನ್ಯೂಜೆರ್ಸಿಯಲ್ಲಿ ಮಾರ್ಚ್ 8ರಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿರುವುದರಿಂದ ಈಗ ಅವರು ನಮಗಿಂತ ಒಂಬತ್ತೂವರೆ ಗಂಟೆ ಹಿಂದಿದ್ದಾರೆ. ಚಳಿಗಾಲದಲ್ಲಿ ಈ ಅಂತರ ಹತ್ತೂವರೆ ಗಂಟೆ ಇರುತ್ತದೆ.

“ಏಪ್ರಿಲ್ 5ರ ಸಂಜೆ 7.30 ತಾನೇ?” ಎಂದು ಮಾತ್ರ ಕೇಳಬೇಡಿ. ಅವರು ತಮ್ಮ ಗೋಡೆಯ ಗಡಿಯಾರ ನೋಡಿ “ಹೌದು” ಎನ್ನುತ್ತಾರೆ, ನೀವು ನಿಮ್ಮ ಗೋಡೆಯ ಗಡಿಯಾರ ನೋಡಿ ಒಪ್ಪಿಕೊಳ್ಳುತ್ತೀರಿ, ಗೊಂದಲ ಇದ್ದಲ್ಲೇ ಉಳಿಯುತ್ತದೆ. ತಿಂಗಳ ಹೆಸರು, ವಾರ, ಎರಡೂ ಊರಿನ ವೇಳೆ ಇವೆಲ್ಲವನ್ನೂ ನೀವೇ ಬರೆದು, ಅವರು ಒಂದನ್ನು ಆರಿಸುವಂತೆ ಮಾಡಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

“ನಮಸ್ಕಾರ. ನಿಮ್ಮ ಸಂದೇಶವನ್ನು ಏಪ್ರಿಲ್ 5, ಭಾನುವಾರ ಎಂದು ಓದಿಕೊಂಡಿದ್ದೇನೆ. ದಿನ ಬೇರೆಯಾಗಿದ್ದರೆ ದಯವಿಟ್ಟು ತಿಂಗಳ ಹೆಸರಿನೊಂದಿಗೆ ತಿಳಿಸಿ. ವೇಳೆ ಇವುಗಳಲ್ಲಿ ಯಾವುದು?
ಅ. ನಿಮ್ಮಲ್ಲಿ ಭಾನುವಾರ ಬೆಳಿಗ್ಗೆ 7.30, ನಮ್ಮಲ್ಲಿ ಭಾನುವಾರ ಸಂಜೆ 5.00.
ಆ. ನಿಮ್ಮಲ್ಲಿ ಭಾನುವಾರ ಸಂಜೆ 7.30, ನಮ್ಮಲ್ಲಿ ಸೋಮವಾರ ಬೆಳಿಗ್ಗೆ 5.00.
ಇ. ನಮ್ಮಲ್ಲಿ ಭಾನುವಾರ ಸಂಜೆ 7.30, ನಿಮ್ಮಲ್ಲಿ ಭಾನುವಾರ ಬೆಳಿಗ್ಗೆ 10.00.”

ನಮ್ಮ ಬೆಳಿಗ್ಗೆ 7.30 ಎಂಬ ನಾಲ್ಕನೆಯ ಸಾಧ್ಯತೆಯೂ ಇದೆ. ಆಗ ಅಲ್ಲಿ ಶನಿವಾರ ರಾತ್ರಿ 10 ಗಂಟೆಯಾಗಿರುತ್ತದೆ. ಎಂಟು ವರ್ಷದ ಮಗುವನ್ನು ಆ ಹೊತ್ತಿಗೆ ವೀಣೆಯ ಮುಂದೆ ಯಾರೂ ಕೂರಿಸುವುದಿಲ್ಲವಾದ್ದರಿಂದ ಅದನ್ನು ಬಿಟ್ಟಿದ್ದೇನೆ.

ಲೆಕ್ಕದಪುಸ್ತಕ

ನನ್ನ ಅನುಭವ ‘60’ಕ್ಕೆ ಸಂಬಂಧಿಸಿದ್ದು. ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ. ತಿಂಗಳ ಮೊದಲ ವಾರದಲ್ಲಿ ನಿವಾಸಿಯೊಬ್ಬರು `3200` ಎಂದು ಮಾತ್ರ ಕಳುಹಿಸಿದರು. ನಿರ್ವಹಣಾ ಶುಲ್ಕ ಕಟ್ಟಿದ್ದಾರೆಂದು ತಿಳಿದು “ವಂದನೆಗಳು” ಎಂದು ಉತ್ತರಿಸಿ ಪುಸ್ತಕದಲ್ಲಿ ಜಮಾ ಬರೆದುಬಿಟ್ಟೆ. ತಿಂಗಳ ಕೊನೆಗೆ ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡಿದಾಗ ಆ ಮೊತ್ತವೇ ಇರಲಿಲ್ಲ. ವಿಚಾರಿಸಿದರೆ, “ಈ ತಿಂಗಳು 3200 ಕಟ್ಟಬೇಕೇ ಎಂದು ಕೇಳಿದ್ದೆ, ನೀವು ವಂದನೆ ಹೇಳಿದ್ದು ಏಕೆಂದು ತಿಳಿಯಲಿಲ್ಲ” ಎಂದರು. ಅಂದಿನಿಂದ ಬರೀ ಮೊತ್ತ ಬಂದರೆ ಇದು ಕಟ್ಟಿದ್ದೋ, ಕಟ್ಟಬೇಕಾದದ್ದೋ, ಯಾವ ತಿಂಗಳದ್ದು ಎಂದು ಕೇಳುತ್ತೇನೆ. ಕಟ್ಟಿದ್ದರೆ ಯುಪಿಐ ಪಾವತಿಯ 12 ಅಂಕಿಯ ಸಂಖ್ಯೆಯನ್ನೂ ಕೇಳುತ್ತೇನೆ. ಆ ಸಂಖ್ಯೆ ಬರುವವರೆಗೆ ಪುಸ್ತಕದಲ್ಲಿ ಬರೆಯುವುದಿಲ್ಲ. ವೀಣೆಮನೆಯವರು ಮೊದಲು ಬ್ಯಾಂಕ್ ಖಾತೆಯನ್ನು ನೋಡಿಕೊಳ್ಳಲಿ.

ವೀಣೆಮನೆ

ಖಾತೆಗೆ ಏನೂ ಬಂದಿಲ್ಲ. ನಾನು ಶುಲ್ಕವನ್ನು ಇನ್ನೂ ಹೇಳಿಯೂ ಇಲ್ಲ. ಪಾಠ 45 ನಿಮಿಷ ಎಂದು ಹೇಳಿದ್ದೆ. ಹಾಗಾಗಿ ‘60’ ಎಂದರೆ ಒಂದು ಗಂಟೆ ಬೇಕೆಂಬ ಕೋರಿಕೆಯೋ, ತಿಂಗಳಿಗೆ 60 ಡಾಲರ್ ಕೊಡುತ್ತೇವೆಂಬ ಮಾತೋ ತಿಳಿಯದು. ಇದಕ್ಕೂ ‘ಅ’, ‘ಆ’ ಎಂದು ಆಯ್ಕೆ ಕೊಡಲೇ?

ಗಡಿಯಾರದಂಗಡಿ

ಬೇಡ. ದಿನ ಮತ್ತು ವೇಳೆಗೆ ಬೆರಳೆಣಿಕೆಯ ಅರ್ಥಗಳಿರುವುದರಿಂದ ಆಯ್ಕೆ ಕೊಡಬಹುದು. ‘60’ಕ್ಕೆ ಹಾಗಲ್ಲ. ನೀವು “60 ಡಾಲರೇ?” ಎಂದು ಬರೆದರೆ, ಅವರು ನಿಮಿಷವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ, ಅದು ನೀವು ಹೇಳಿದ ಶುಲ್ಕವೆಂದು ಭಾವಿಸಿ ಒಪ್ಪಿಕೊಂಡುಬಿಡಬಹುದು. ಹಣದ ವಿಷಯದಲ್ಲಿ ನಾವೇ ಅರ್ಥವನ್ನು ಕೈಗೆ ಕೊಡಬಾರದು. “60 ಎಂದು ಬರೆದದ್ದು ಯಾವುದರ ಬಗ್ಗೆ ಎಂದು ತಿಳಿಸುವಿರಾ?” ಎಂದು ಬಿಡಿಯಾಗಿ ಕೇಳಿ. ಅದನ್ನು ದಿನದ ಪ್ರಶ್ನೆಯೊಂದಿಗೆ ಸೇರಿಸಬೇಡಿ. ಎರಡು ಪ್ರಶ್ನೆ ಒಟ್ಟಿಗೆ ಇದ್ದರೆ ಒಂದಕ್ಕೆ ಮಾತ್ರ ಉತ್ತರ ಬರುವುದೇ ಹೆಚ್ಚು.

ವೀಣೆಮನೆ (ಮಾರ್ಚ್ 30)

ಉತ್ತರ ಬಂದಿದೆ. “ಇ ಸರಿ, ನಿಮ್ಮ ಸಂಜೆ 7.30. ಆದರೆ ನಮಗೆ ಬೇಕಾಗಿದ್ದುದು ಇಲ್ಲಿನ ಬೆಳಿಗ್ಗೆ 9, ನೀವು 10 ಎಂದು ಬರೆದಿದ್ದೀರಲ್ಲ?” ಎಂದಿದ್ದಾರೆ. ಅವರು ಚಳಿಗಾಲದ ಹತ್ತೂವರೆ ಗಂಟೆಯನ್ನೇ ಕೂಡಿಸಿ ನನಗೆ 7.30 ಎಂದು ಬರೆದಿದ್ದರು. ಎರಡೂ ಊರಿನ ವೇಳೆ ಬರೆಯದಿದ್ದರೆ, ಮಗು 9ಕ್ಕೇ ಕುಳಿತು ನನಗಾಗಿ ಒಂದು ಗಂಟೆ ಕಾಯುತ್ತಿತ್ತು. ಈಗ ನಮ್ಮ ಸಂಜೆ 6.30 ಎಂದು ನಿಶ್ಚಯವಾಯಿತು. ಅವಸರದಲ್ಲಿ ‘60’ರ ಪ್ರಶ್ನೆಯನ್ನೂ ಅದೇ ಸಂದೇಶದ ಕೊನೆಗೆ ಸೇರಿಸಿದ್ದೆ. ಅದಕ್ಕೆ ಉತ್ತರವಿಲ್ಲ.

ನೇರಮಾತು

ನನ್ನ ಊಹೆಯಲ್ಲಿ ದಿನ ಸರಿಯಿತ್ತು, ವೇಳೆ ತಪ್ಪಿತ್ತು. ಒಪ್ಪುತ್ತೇನೆ. ಆದರೆ ನವೆಂಬರ್ 1ರಂದು ಅಲ್ಲಿ ಗಡಿಯಾರ ಮತ್ತೆ ಹಿಂದಕ್ಕೆ ಹೋಗುತ್ತದೆ. ಆಗ ಪಾಠ ನಿಮ್ಮ 6.30ಕ್ಕೇ ನಿಲ್ಲುತ್ತದೆಯೋ, ಅವರ 9ಕ್ಕೆ ನಿಲ್ಲುತ್ತದೆಯೋ ಎಂಬುದನ್ನೂ ಈಗಲೇ ಕೇಳಿ.

ಲೆಕ್ಕದಪುಸ್ತಕ

ಅದನ್ನು ಈಗ ಕೇಳಿದರೆ ‘60’ ಮತ್ತೆ ಹಿಂದೆ ಬೀಳುತ್ತದೆ. ಅಕ್ಟೋಬರ್‌ನಲ್ಲಿ ಕೇಳಿದರೆ ಸಾಕು ಎಂದು ನನ್ನ ಅಭಿಪ್ರಾಯ.

ವೀಣೆಮನೆ

ಸಂಜೆ 7.30ಕ್ಕೆ ನನಗೆ ಇನ್ನೊಂದು ಪಾಠವಿರುವುದರಿಂದ ನವೆಂಬರ್ ವಿಷಯವನ್ನು ಹೇಗೆ ಹೊಂದಿಸಬೇಕೆಂದು ನನಗೇ ತಿಳಿದಿಲ್ಲ. ಸದ್ಯಕ್ಕೆ ಇಂದು ರಾತ್ರಿ ಇಷ್ಟನ್ನೇ ಕಳುಹಿಸುತ್ತಿದ್ದೇನೆ: “ನೀವು 60 ಎಂದು ಬರೆದದ್ದು ಯಾವುದರ ಬಗ್ಗೆ?”