ಸ್ಕ್ರ್ಯಾಪ್ ಆಡಿಟ್: ಚಾರ್ಟರ್ ಹೆಸರು ಹೇಳಿ ಪತ್ರ ಬರೆದರೂ ದಾಖಲೆ ಕೊಡುತ್ತಿಲ್ಲ, ಪತ್ರದಲ್ಲೇ ತಪ್ಪಿದೆಯಾ?

ಪೀಣ್ಯ_ಆಡಿಟರ್ | 11 ನವೆಂಬರ್ 2025

ನಮಸ್ಕಾರ. ಒಂದು ಲಿಸ್ಟೆಡ್ ಕಂಪನಿಯ ಇಂಟರ್ನಲ್ ಆಡಿಟ್ ವಿಭಾಗದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪೀಣ್ಯದ ಘಟಕದಲ್ಲಿ ಸ್ಕ್ರ್ಯಾಪ್ ಮಾರಾಟದ ಆಡಿಟ್ ಇತ್ತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಗೇಟ್ ರಿಜಿಸ್ಟರ್ ಪ್ರಕಾರ 46 ಲೋಡ್ ಹೊರಗೆ ಹೋಗಿವೆ. 46ಕ್ಕೂ ಇನ್‌ವಾಯ್ಸ್ ಇದೆ. ವೇಬ್ರಿಡ್ಜ್ ಸ್ಲಿಪ್ ಮಾತ್ರ 31ಕ್ಕೆ ಸಿಕ್ಕಿವೆ. ರೇಟ್ ಹೇಗೆ ಗೊತ್ತು ಮಾಡಿದರು ಅನ್ನುವುದಕ್ಕೆ ಬೇಕಾದ ಕೊಟೇಶನ್ ಫೈಲೂ ಸಿಕ್ಕಿಲ್ಲ.

ಅಕ್ಟೋಬರ್ 27ಕ್ಕೆ ಮೇಲ್ ಹಾಕಿದೆ, 30ಕ್ಕೆ ನೆನಪಿಸಿದೆ. ಆಮೇಲೆ ವಾಟ್ಸಾಪ್‌ನಲ್ಲೂ ಕೇಳಿದೆ. "ಹುಡುಗರು ಬಿಜಿ, ನಾಳೆ ನೋಡೋಣ" ಅನ್ನುತ್ತಲೇ ಬಂದರು. ನವೆಂಬರ್ 7ಕ್ಕೆ ಫೀಲ್ಡ್‌ವರ್ಕ್ ಮುಗಿಯಿತು. ನಿನ್ನೆ ಸ್ಟೋರ್ಸ್ ಮುಖ್ಯಸ್ಥರಿಗೆ ಪತ್ರ ಕೊಟ್ಟೆ. ಇವತ್ತು ಉತ್ತರ ಬಂತು: "ನೀವು ಹೇಳಿದ ಕ್ಲಾಜಿನಲ್ಲಿ ಇಂಥ ಅಧಿಕಾರ ಏನೂ ಇಲ್ಲ."

ಆಫೀಸಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ಹೋಗುತ್ತದೆ. ಪತ್ರದ ಸಾರ ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ:

> ಆಡಿಟ್ ಚಾರ್ಟರ್‌ನ ಕ್ಲಾಜ್ 5.1ರ ಪ್ರಕಾರ ನಮಗೆ ಎಲ್ಲ ದಾಖಲೆ ನೋಡುವ ಹಕ್ಕಿದೆ. ನೀವು ಬೇಕೆಂದೇ ದಾಖಲೆ ಮುಚ್ಚಿಡುತ್ತಿದ್ದೀರಿ. ಸ್ಕ್ರ್ಯಾಪ್‌ಗೆ ಸಂಬಂಧಿಸಿದ ಎಲ್ಲ ಮೂಲ ದಾಖಲೆಗಳನ್ನು ಕೂಡಲೇ ನಮಗೆ ಒಪ್ಪಿಸಿ.

ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ಟಿಕ್‌ಮಾರ್ಕ್

ಚಾರ್ಟರ್ ಅಂದರೆ ಕಂಪನಿ ಒಳಗಿನ ಕಾಗದ ಅಷ್ಟೇ, ಅದಕ್ಕೆ ಯಾರೂ ಹೆದರುವುದಿಲ್ಲ. ಕಂಪನಿ ಕಾಯ್ದೆ 2013ರ ಸೆಕ್ಷನ್ 143(1) ಹಾಕಿ. ಲೆಕ್ಕದ ಪುಸ್ತಕಗಳನ್ನು ಯಾವಾಗ ಬೇಕಾದರೂ ನೋಡುವ ಹಕ್ಕು ಆಡಿಟರ್‌ಗೆ ಇದೆ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಜೊತೆಗೆ ಎಂಡಿಗೆ ಕಾಪಿ ಹಾಕಿ. ಸಂಜೆಯೊಳಗೆ ಫೈಲ್ ಬರುತ್ತದೆ.

ಹಳೇ_ಲೆಡ್ಜರ್

ಟಿಕ್‌ಮಾರ್ಕ್, 143(1)ರಲ್ಲಿ ಆ ಹಕ್ಕು ಇರುವುದು ನಿಜ. ಆದರೆ ಅದು ಶಾಸನಬದ್ಧ ಆಡಿಟರ್‌ಗೆ, ನಮಗಲ್ಲ. ಇಂಟರ್ನಲ್ ಆಡಿಟರ್ ಬಗ್ಗೆ ಇರುವುದು ಸೆಕ್ಷನ್ 138. ಅದು ನೇಮಕದ ಮಾತು ಹೇಳುತ್ತದೆ, ಫೈಲ್ ಕೊಡಿಸುವ ಮಾತು ಹೇಳುವುದಿಲ್ಲ. ಇವರು ಪತ್ರದಲ್ಲಿ 143 ಹಾಕಿದರೆ ಸ್ಟೋರ್ಸ್‌ನವರು ಕಂಪನಿ ಸೆಕ್ರೆಟರಿಯನ್ನು ಒಂದು ಮಾತು ಕೇಳುತ್ತಾರೆ, ಪತ್ರ ಅಲ್ಲಿಗೆ ಬಿದ್ದುಹೋಗುತ್ತದೆ.

ನಮ್ಮ ಅಧಿಕಾರ ಬರುವುದು ಆಡಿಟ್ ಕಮಿಟಿಯಿಂದ. ಸೆಕ್ಷನ್ 177(6) ಕಮಿಟಿಗೆ ಕಂಪನಿಯ ದಾಖಲೆಗಳನ್ನು ಪೂರ್ತಿ ನೋಡುವ ಅಧಿಕಾರ ಕೊಡುತ್ತದೆ. ಆ ಕಮಿಟಿ ಒಪ್ಪಿದ ಚಾರ್ಟರ್ ಮೂಲಕ ನಾವು ಕೆಲಸ ಮಾಡುತ್ತೇವೆ. ಅದಕ್ಕೇ ಚಾರ್ಟರ್ "ಒಳಗಿನ ಕಾಗದ" ಅಂತ ಬದಿಗಿಡುವ ಹಾಗಿಲ್ಲ. ಸ್ಟೋರ್ಸ್ ಮುಖ್ಯಸ್ಥರಿಗೂ ಸಂಬಳ ಬರುವುದು ಕಂಪನಿಯ ಒಳಗಿನ ಕಾಗದದ ಮೇಲೇ ಅಲ್ವಾ?

ಪೀಣ್ಯ ಅವರೇ, ನನಗೆ ಒಂದು ಅನುಮಾನ. ನಿಮ್ಮ ಹತ್ತಿರ ಇರುವುದು ಯಾವ ವರ್ಷದ ಚಾರ್ಟರ್? ಐಐಎಯ ಹೊಸ ಜಾಗತಿಕ ಮಾನದಂಡಗಳು 2025ರ ಜನವರಿ 9ರಿಂದ ಜಾರಿಗೆ ಬಂದವು. ಅದಕ್ಕೆ ಹೊಂದಿಸಲು ಚಾರ್ಟರ್ ತಿದ್ದಿದ್ದರೆ ಕ್ಲಾಜ್ ನಂಬರ್ ಬದಲಾಗಿರುತ್ತದೆ. ಕಮಿಟಿ ಒಪ್ಪಿದ ಕೊನೆಯ ಪ್ರತಿಯನ್ನು ಕಂಪನಿ ಸೆಕ್ರೆಟರಿಯಿಂದಲೇ ತರಿಸಿ. ಹಂಚಿಕೆಯ ಫೋಲ್ಡರ್‌ನಲ್ಲಿ ಇರುವುದನ್ನು ನಂಬಬೇಡಿ.

ಜಯನಗರ_ನಿವಾಸಿ

ಒಳ್ಳೆ ಸಮಯಕ್ಕೆ ಈ ಚರ್ಚೆ ಸಿಕ್ಕಿತು. ನಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ ಎರಡು ವರ್ಷದ ಲಿಫ್ಟ್ ರಿಪೇರಿ ಬಿಲ್ ತೋರಿಸುತ್ತಿಲ್ಲ. ಇದೇ ಪತ್ರ ಸ್ವಲ್ಪ ಬದಲಿಸಿ ಕೊಡಬಹುದಾ?

ಹಳೇ_ಲೆಡ್ಜರ್

ಇದು ಕೆಲಸಕ್ಕೆ ಬರುವುದಿಲ್ಲ ಸರ್. ನೀವು ಆಡಿಟರ್ ಅಲ್ಲ, ಸದಸ್ಯರು. ನಿಮ್ಮ ಹಕ್ಕು ಸಂಘದ ಬೈಲಾದಲ್ಲಿ ಇರುತ್ತದೆ. ಸಂಘ ಯಾವ ಕಾಯ್ದೆಯಡಿ ನೋಂದಣಿ ಆಗಿದೆ ಅಂತ ಮೊದಲು ನೋಡಿಕೊಂಡು ಬೇರೆ ಚರ್ಚೆ ಶುರು ಮಾಡಿ. ಅಲ್ಲಿ ಉತ್ತರ ಕೊಡುತ್ತೇನೆ.

ಪೀಣ್ಯ_ಆಡಿಟರ್

ಸರ್, ನಿಮ್ಮ ಅನುಮಾನ ನಿಜವಾಯಿತು. ನನ್ನ ಹತ್ತಿರ ಇದ್ದದ್ದು 2019ರ ಪ್ರತಿ. ಕಮಿಟಿ 2025ರ ಫೆಬ್ರವರಿಯಲ್ಲಿ ಹೊಸದನ್ನು ಒಪ್ಪಿದೆ. ಹೊಸದರಲ್ಲಿ 5.1 ಅಂದರೆ ನಮ್ಮ ವಿಭಾಗದ ಬಜೆಟ್! ದಾಖಲೆ ನೋಡುವ ಅಧಿಕಾರ 4.3ಕ್ಕೆ ಹೋಗಿದೆ. 4.4ರಲ್ಲಿ ಗೌಪ್ಯತೆ ಕಾಪಾಡುವ ನಮ್ಮ ಹೊಣೆ ಇದೆ. 4.6ರಲ್ಲಿ ಅಡ್ಡಿ ಬಂದರೆ ಕಮಿಟಿಗೆ ತಿಳಿಸಬೇಕು ಅಂತ ಇದೆ. ಸ್ಟೋರ್ಸ್ ಮುಖ್ಯಸ್ಥರು ಹೇಳಿದ್ದು ಸರಿಯಾಗೇ ಇತ್ತು.

ಸ್ಟೋರ್ಸ್_ಮಂಜು

ನಾನು ಇನ್ನೊಂದು ಕಡೆಯವನು. ಬೇರೊಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಹದಿನಾಲ್ಕು ವರ್ಷ ಇದ್ದೇನೆ. ಒಮ್ಮೆ ಆಡಿಟ್‌ನವರು ಮೂಲ ಗೇಟ್‌ಪಾಸ್ ಬುಕ್ಕನ್ನೇ ತೆಗೆದುಕೊಂಡು ಹೋದರು. ಮೂರು ತಿಂಗಳಾದ ಮೇಲೆ "ನಮ್ಮ ಹತ್ತಿರ ಇಲ್ಲ" ಅಂದರು. ಅಂದಿನಿಂದ ಮೂಲ ಕಾಗದ ಕೇಳಿದರೆ ನನಗೆ ಕೈ ನಡುಗುತ್ತದೆ.

"ಎಲ್ಲ ಮೂಲ ದಾಖಲೆ ಒಪ್ಪಿಸಿ" ಅಂತ ಬರೆದರೆ ನಾನೂ ಕೊಡುವುದಿಲ್ಲ. ಯಾವ ಸ್ಲಿಪ್, ಯಾವ ದಿನದ್ದು ಅಂತ ಹೇಳಿ. ಸ್ಟೋರ್ಸ್‌ಗೇ ಬಂದು ನೋಡಿ. ಜೆರಾಕ್ಸ್ ಮಾಡಿಕೊಳ್ಳಿ. ನೋಡಿದ್ದಕ್ಕೆ ಸಹಿ ಹಾಕಿ ಹೋಗಿ. ಇನ್ನೊಂದು ಮಾತು: "ಬೇಕೆಂದೇ ಮುಚ್ಚಿಡುತ್ತಿದ್ದೀರಿ" ಅನ್ನುವ ಸಾಲು ಓದಿದ ಮೇಲೆ ಯಾರಿಗೂ ಸಹಾಯ ಮಾಡುವ ಮನಸ್ಸು ಉಳಿಯುವುದಿಲ್ಲ.

ಹಳೇ_ಲೆಡ್ಜರ್

ಮಂಜು ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಉದ್ದೇಶ ಏನು ಅಂತ ಇನ್ನೂ ನಮಗೆ ಗೊತ್ತಿಲ್ಲ. ಗೊತ್ತಿರುವುದು ಕೇಳಿದ ದಿನ ಮತ್ತು ಸಿಗದ ದಾಖಲೆ. ಪತ್ರದಲ್ಲಿ ಅಷ್ಟೇ ಇರಲಿ. ಸಹಿ ನಿಮ್ಮದು ಬೇಡ, ನಿಮ್ಮ ವಿಭಾಗದ ಮುಖ್ಯಸ್ಥರದ್ದು ಇರಲಿ. ಕಮಿಟಿಗೆ ನೇರವಾಗಿ ವರದಿ ಮಾಡುವವರು ಅವರು. ನಾನಾದರೆ ಹೀಗೆ ಬರೆಯುತ್ತಿದ್ದೆ:

> ದಿನಾಂಕ: 12 ನವೆಂಬರ್ 2025
>
> ಇವರಿಗೆ: ಮುಖ್ಯಸ್ಥರು, ಸ್ಟೋರ್ಸ್ ವಿಭಾಗ, ಪೀಣ್ಯ ಘಟಕ
>
> ವಿಷಯ: ಸ್ಕ್ರ್ಯಾಪ್ ಮಾರಾಟದ ಆಂತರಿಕ ಆಡಿಟ್ (ಏಪ್ರಿಲ್–ಸೆಪ್ಟೆಂಬರ್ 2025): ಫೀಲ್ಡ್‌ವರ್ಕ್ ವೇಳೆ ಸಿಗದ ದಾಖಲೆಗಳ ಬಗ್ಗೆ
>
> ಮಾನ್ಯರೇ,
>
> ನಮ್ಮ 10 ನವೆಂಬರ್ ಪತ್ರದಲ್ಲಿ ಚಾರ್ಟರ್‌ನ ಹಳೆಯ ಪ್ರತಿಯ ಕ್ಲಾಜ್ ನಮೂದಾಗಿತ್ತು. ಆ ಪತ್ರವನ್ನು ಹಿಂದೆ ಪಡೆದಿದ್ದೇವೆ. ಅದರ ಬದಲು ಇದನ್ನು ಪರಿಗಣಿಸಬೇಕಾಗಿ ಕೋರುತ್ತೇವೆ.
>
> ಕೆಳಗಿನ ದಾಖಲೆಗಳನ್ನು 27 ಮತ್ತು 30 ಅಕ್ಟೋಬರ್‌ನ ಮೇಲ್‌ಗಳಲ್ಲಿ ಕೇಳಿದ್ದೆವು. 7 ನವೆಂಬರ್‌ಗೆ ಫೀಲ್ಡ್‌ವರ್ಕ್ ಮುಗಿಯುವವರೆಗೆ ಅವು ನಮಗೆ ಸಿಕ್ಕಿಲ್ಲ.
>
> 1. ಅನುಬಂಧದಲ್ಲಿ ಗೇಟ್‌ಪಾಸ್ ನಂಬರ್, ದಿನಾಂಕ, ವಾಹನ ಸಂಖ್ಯೆ ಸಹಿತ ಪಟ್ಟಿ ಮಾಡಿರುವ 15 ಲೋಡ್‌ಗಳ ವೇಬ್ರಿಡ್ಜ್ ಸ್ಲಿಪ್.
> 2. ಜುಲೈ–ಸೆಪ್ಟೆಂಬರ್ ಅವಧಿಯ ರೇಟ್‌ಗೆ ಬಂದ ಕೊಟೇಶನ್‌ಗಳು ಮತ್ತು ತುಲನಾ ಪಟ್ಟಿ.
> 3. 18 ಆಗಸ್ಟ್‌ನಿಂದ ಜಾರಿಯಾದ ರೇಟ್ ಬದಲಾವಣೆಗೆ ಒಪ್ಪಿಗೆ ಕೊಟ್ಟ ಟಿಪ್ಪಣಿ.
>
> ಆಡಿಟ್ ಕಮಿಟಿ ಫೆಬ್ರವರಿ 2025ರಲ್ಲಿ ಒಪ್ಪಿದ ಚಾರ್ಟರ್‌ನ ಕ್ಲಾಜ್ 4.3 ಆಡಿಟ್‌ಗೆ ಬೇಕಾದ ದಾಖಲೆಗಳನ್ನು ನೋಡುವ ಅಧಿಕಾರ ನಮಗೆ ಕೊಟ್ಟಿದೆ. ಆ ಪುಟ ಲಗತ್ತಿಸಿದೆ. ಕ್ಲಾಜ್ 4.4ರಂತೆ ವ್ಯಾಪಾರದ ಗುಟ್ಟು ಕಾಪಾಡುವುದು ನಮ್ಮ ಹೊಣೆ.
>
> ಮೂಲ ದಾಖಲೆಗಳು ನಿಮ್ಮ ವಿಭಾಗದಲ್ಲೇ ಇರಲಿ. ನಾವು ಅಲ್ಲಿಗೇ ಬಂದು ನೋಡಿ, ಪ್ರತಿ ಮಾಡಿಕೊಂಡು, ಸಹಿ ಹಾಕಿ ಕೊಡುತ್ತೇವೆ. 17 ನವೆಂಬರ್ ಸೋಮವಾರ ಸಂಜೆ 5ರೊಳಗೆ ಅವಕಾಶ ಮಾಡಿಕೊಡಿ. ಯಾವುದಾದರೂ ದಾಖಲೆ ಇಲ್ಲದಿದ್ದರೆ ಅಥವಾ ಬೇರೆಯವರ ಹತ್ತಿರ ಇದ್ದರೆ ಆ ದಾಖಲೆಯ ಎದುರು ಹಾಗೆಂದು ಬರೆದು ತಿಳಿಸಿ.
>
> ಅಷ್ಟರೊಳಗೆ ಸಿಗದಿದ್ದರೆ ಕ್ಲಾಜ್ 4.6ರಂತೆ ಕಮಿಟಿಗೆ ತಿಳಿಸಬೇಕಾಗುತ್ತದೆ. ವರದಿಯಲ್ಲೂ ಅದನ್ನು ದಾಖಲಿಸುತ್ತೇವೆ.
>
> ಮುಖ್ಯಸ್ಥರು, ಆಂತರಿಕ ಆಡಿಟ್

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು "ಇಲ್ಲದಿದ್ದರೆ ಬರೆದು ತಿಳಿಸಿ" ಅನ್ನುವ ಸಾಲು. ಕೊಡದೆ ಸುಮ್ನೆ ಕೂತರೆ ಅದು ಅಡ್ಡಿ. "ಇಲ್ಲ" ಅಂತ ಬರೆದು ಕೊಟ್ಟರೆ ಅದೇ ನಿಮಗೆ ಸಿಗುವ ಸಾಕ್ಷ್ಯ. ಎರಡರಲ್ಲಿ ಯಾವುದಾದರೂ ವರದಿ ಮುಂದೆ ಹೋಗುತ್ತದೆ. ವಾಟ್ಸಾಪ್ ಸಂದೇಶಗಳನ್ನು ಪತ್ರದಲ್ಲಿ ಹಾಕಿಲ್ಲ, ಕಡತದಲ್ಲಿ ಇಟ್ಟುಕೊಳ್ಳಿ.

ಟಿಕ್‌ಮಾರ್ಕ್

143ರ ಬಗ್ಗೆ ತಪ್ಪು ಹೇಳಿದೆ, ಒಪ್ಪುತ್ತೇನೆ. ಆದರೆ ಕಾಪಿ ಯಾರಿಗೂ ಇಲ್ಲವಲ್ಲ? ಇದು ಎರಡನೇ ಪತ್ರ. ಈಗಲಾದರೂ ಎಂಡಿಗೆ, ಕಮಿಟಿ ಅಧ್ಯಕ್ಷರಿಗೆ ಹೋಗಬೇಕು.

ಹಳೇ_ಲೆಡ್ಜರ್

ಘಟಕದ ಮುಖ್ಯಸ್ಥರಿಗೆ ಒಂದು ಕಾಪಿ ಸಾಕು. ಮೊದಲ ಪತ್ರದಲ್ಲಿ ತಪ್ಪು ನಮ್ಮದೇ ಇತ್ತು. ಸರಿಯಾದ ಪತ್ರಕ್ಕೆ ಉತ್ತರ ಕೊಡಲು ಅವರಿಗೆ ಒಂದು ಅವಕಾಶ ಬೇಕು.

ಟಿಕ್‌ಮಾರ್ಕ್

ಆ ಅವಕಾಶದಲ್ಲೇ ಸ್ಲಿಪ್ ಹೊಸದಾಗಿ ತಯಾರಾದರೆ? ನನ್ನ ಕಣ್ಣೆದುರೇ ಹಾಗಾಗಿದೆ ಸರ್. ಈ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಹಳೇ_ಲೆಡ್ಜರ್

ನಿಮ್ಮ ಭಯ ನ್ಯಾಯವಾದದ್ದು. ಆದರೆ ಅದಕ್ಕೆ ಮದ್ದು ಕಾಪಿ ಅಲ್ಲ. ಪತ್ರ ಕೊಡುವ ಮೊದಲೇ ವೇಬ್ರಿಡ್ಜ್ ಕಂಪ್ಯೂಟರಿನ ಡೇಟಾವನ್ನು ಐಟಿಯವರ ಕೈಲಿ ಪ್ರತಿ ತೆಗೆಸಿಟ್ಟುಕೊಳ್ಳಿ. ಅದು ಬೇರೆ ವಿಭಾಗ, ಅಲ್ಲಿಗೂ 4.3 ಅನ್ವಯಿಸುತ್ತದೆ. ಆಮೇಲೆ ಬಂದ ಪ್ರತಿ ಸ್ಲಿಪ್ ಮೇಲೂ ನಿಮ್ಮ ಕೈಗೆ ಬಂದ ದಿನ ಬರೆಯಿರಿ. ಸೀರಿಯಲ್ ನಂಬರ್ ಹಿಂದಿನ, ಮುಂದಿನ ಸ್ಲಿಪ್‌ಗಳ ಸಾಲಿನಲ್ಲಿ ಕೂರುತ್ತದಾ ನೋಡಿ. ತುಂಬಿದ ಲಾರಿ ತೂಗಿದ ಸಮಯ ಗೇಟ್‌ನಿಂದ ಹೊರಗೆ ಹೋದ ಸಮಯಕ್ಕಿಂತ ಮೊದಲು ಇರಲೇಬೇಕು. ಗೇಟ್ ರಿಜಿಸ್ಟರ್ ಸೆಕ್ಯೂರಿಟಿಯವರ ಕೈಲಿರುತ್ತದೆ, ಅದನ್ನು ಸ್ಟೋರ್ಸ್‌ನವರು ಬದಲಿಸುವುದು ಸುಲಭವಲ್ಲ. ಐವತ್ತು ಸಾವಿರ ರೂಪಾಯಿ ಮೀರಿದ ಲೋಡ್‌ಗೆ ಇ-ವೇ ಬಿಲ್ ಇರುತ್ತದೆ. ಅದರ ವಾಹನ ಸಂಖ್ಯೆಯನ್ನೂ ಹೋಲಿಸಿ.

ಪೀಣ್ಯ_ಆಡಿಟರ್ | 19 ನವೆಂಬರ್

ಎಲ್ಲರಿಗೂ ಧನ್ಯವಾದ. ಪತ್ರ 12ಕ್ಕೆ ಹೋಯಿತು, ಘಟಕದ ಮುಖ್ಯಸ್ಥರಿಗೆ ಕಾಪಿ ಹಾಕಿದೆವು. 11ರ ಸಂಜೆಯೇ ಡೇಟಾ ಪ್ರತಿ ತೆಗೆಸಿದ್ದೆ.

17ಕ್ಕೆ ಮಧ್ಯಾಹ್ನ ಅವರೇ ಕರೆದರು. 15ರಲ್ಲಿ 11 ಸ್ಲಿಪ್ ಸಿಕ್ಕವು. ಹನ್ನೊಂದೂ ಡೇಟಾಗೂ ಗೇಟ್ ಸಮಯಕ್ಕೂ ಸರಿಹೊಂದಿವೆ. ಬೇರೆ ಫೈಲಿನಲ್ಲಿ ಸೇರಿದ್ದವಂತೆ, ಅದು ನಂಬುವ ಹಾಗೇ ಇತ್ತು. ಕೊಟೇಶನ್ ಫೈಲೂ ಕೊಟ್ಟರು. ಆಗಸ್ಟ್ 18ರ ರೇಟ್ ಬದಲಾವಣೆಗೆ "ಟಿಪ್ಪಣಿ ಇಲ್ಲ, ಫೋನಿನಲ್ಲಿ ಮಾತಾಡಿದ್ದು" ಅಂತ ಬರೆದು ಸಹಿ ಹಾಕಿದ್ದಾರೆ.

ಉಳಿದ ನಾಲ್ಕು ಸ್ಲಿಪ್ ಎದುರು ಏನೂ ಬರೆದಿಲ್ಲ. ಆ ನಾಲ್ಕೂ ಲೋಡ್ ಆಗಸ್ಟ್ 18ರ ನಂತರದ್ದು. ಡೇಟಾದಲ್ಲಿ ಆ ನಾಲ್ಕರ ಖಾಲಿ ಲಾರಿಯ ತೂಕ ಕೈಯಿಂದ ಟೈಪ್ ಮಾಡಿದ್ದು ಅಂತ ತೋರಿಸುತ್ತಿದೆ. ಉಳಿದವುಗಳಲ್ಲಿ ಹಾಗಿಲ್ಲ.

ಹಳೇ_ಲೆಡ್ಜರ್

ಖಾಲಿ ಲಾರಿಯ ತೂಕ ಜಾಸ್ತಿ ಹಾಕಿದರೆ ಮಾಲಿನ ತೂಕ ಅಷ್ಟೇ ಕಡಿಮೆ ಬರುತ್ತದೆ. ಅದೇ ಲಾರಿಗಳು ಬೇರೆ ದಿನ ಬಂದಿದ್ದರೆ ಆಗಿನ ಖಾಲಿ ತೂಕದ ಜೊತೆ ಹೋಲಿಸಿ. ವೇಬ್ರಿಡ್ಜ್ ಕೆಟ್ಟಾಗಲೂ ಕೈಯಿಂದ ಹಾಕುತ್ತಾರೆ, ಹಾಗಾಗಿ ಆ ದಿನಗಳ ರಿಪೇರಿ ದಾಖಲೆಯನ್ನೂ ನೋಡಿ. ಅದಕ್ಕೆ ಮುಂಚೆ ಯಾರ ಮೇಲೂ ಏನೂ ಬರೆಯಬೇಡಿ. ನಾಲ್ಕು ಸ್ಲಿಪ್ ಮತ್ತು ಅವುಗಳ ಬಗ್ಗೆ ಬಾರದ ಉತ್ತರ ಮಾತ್ರ 4.6ರಡಿ ಕಮಿಟಿಗೆ ಹೋಗಲಿ.

ಪೀಣ್ಯ_ಆಡಿಟರ್

ನಾಲ್ಕರಲ್ಲಿ ಎರಡು ಲಾರಿ ಮೇ ತಿಂಗಳಲ್ಲೂ ಬಂದಿವೆ ಸರ್. ಆಗಿನ ಸ್ಲಿಪ್‌ಗಳು ನನ್ನ ಹತ್ತಿರ ಇವೆ. ನಾಳೆ ಬೆಳಿಗ್ಗೆ ಹೋಲಿಸುತ್ತೇನೆ. ಇನ್ನೆರಡು ಲಾರಿ ಮತ್ತೆ ಬಂದಿಲ್ಲ, ಅವುಗಳಿಗೆ ಏನು ಮಾಡುವುದು?

ಸ್ಟೋರ್ಸ್_ಮಂಜು

ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ ಇರುತ್ತದೆ ಮೇಡಂ. ಡೀಸೆಲ್, ಟಾರ್ಪಾಲು, ಡ್ರೈವರ್ ಎಲ್ಲ ಸೇರಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಟನ್‌ಗಟ್ಟಲೆ ವ್ಯತ್ಯಾಸ ಬರಬಾರದು. ಸೆಕ್ಯೂರಿಟಿಯವರು ಆರ್‌ಸಿ ಪ್ರತಿ ಇಟ್ಟುಕೊಳ್ಳುತ್ತಾರಾ ಅಂತ ಕೇಳಿ ನೋಡಿ.